‘ಪೆನ್ಷನ್ ದುಡ್ಡೂ ತೆಗೆದುಬಿಡ್ಲಾ ಅಕ್ಕಾ?’

ಪೀಣ್ಯದ ಕಡೆಯ ಯಾವುದಾದರೂ ಸೈಬರ್ ಸೆಂಟರಿನಲ್ಲಿ ತಿಂಗಳ ಮೊದಲ ಭಾನುವಾರ ಅರ್ಧ ಗಂಟೆ ಕೂತರೆ ಈ ಪ್ರಶ್ನೆ ನಾಲ್ಕೈದು ಸಲವಾದರೂ ಕಿವಿಗೆ ಬೀಳುತ್ತದೆ. ಗಾರ್ಮೆಂಟ್ಸ್ ಕೆಲಸ ಬಿಟ್ಟ ಹೆಂಗಸೊಬ್ಬರು ಪಿಎಫ್ ತೆಗೆಸಲು ಬಂದಿರುತ್ತಾರೆ. ಆಧಾರ್ ಒಟಿಪಿ ಬರುತ್ತದೆ, ಫಾರಂ 19 ತುಂಬುತ್ತದೆ. ಆಗ ಹುಡುಗ ಕಂಪ್ಯೂಟರಿನಿಂದ ಕಣ್ಣು ತೆಗೆಯದೆಯೇ ಕೇಳುತ್ತಾನೆ: ‘ಪೆನ್ಷನ್ ದುಡ್ಡೂ ತೆಗೆದುಬಿಡ್ಲಾ ಅಕ್ಕಾ?’ ಹೂಂ ಅನ್ನಲು ಒಂದು ಕ್ಷಣ ಸಾಕು. ಫಾರಂ 10ಸಿ ಕೂಡ ಹೋಗುತ್ತದೆ. ಏಳೆಂಟು ವರ್ಷದ ಪಿಂಚಣಿ ಸೇವೆ ಅಲ್ಲಿಗೆ ಸೊನ್ನೆಯಾಯಿತು ಎಂಬುದು ಆ ಹುಡುಗನಿಗೂ ಗೊತ್ತಿರುವುದಿಲ್ಲ, ಆ ಅಕ್ಕನಿಗೂ ಗೊತ್ತಿರುವುದಿಲ್ಲ.

ಹೂಂ ಅಂದದ್ದು ತಪ್ಪೆಂದು ಈಗಲೇ ತೀರ್ಪು ಕೊಡುವುದಿಲ್ಲ. ಕೆಲವರಿಗೆ ಅದೇ ಸರಿಯಾದ ಉತ್ತರ. ಯಾರಿಗೆ ಸರಿ, ಯಾರಿಗೆ ತಪ್ಪು ಎಂದು ತಿಳಿಯಬೇಕಾದರೆ ಆ ‘ಪೆನ್ಷನ್ ದುಡ್ಡು’ ಎಲ್ಲಿಂದ ಬರುತ್ತದೆ, ಹೇಗೆ ಲೆಕ್ಕವಾಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ನೌಕರರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಪಿಎಫ್‌ಗೆ ಮಾಲೀಕರು ಹಾಕುವ ಶೇ 12ರಲ್ಲಿ ಶೇ 8.33 ಈ ಪಿಂಚಣಿ ನಿಧಿಗೆ ಹೋಗುತ್ತದೆ. ನಮ್ಮ ಸಂಬಳದಿಂದ ಕಡಿತವಾದದ್ದರಲ್ಲಿ ಒಂದು ಪೈಸೆಯೂ ಅಲ್ಲಿಗೆ ಹೋಗುವುದಿಲ್ಲ. 2014ರ ಸೆಪ್ಟೆಂಬರ್‌ನಿಂದ ಈ ಲೆಕ್ಕಕ್ಕೆ ತಿಂಗಳ ವೇತನದ ಮಿತಿ 15,000 ರೂಪಾಯಿ. ಅಂದರೆ ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ. 8.33 ಎಂಬ ವಿಚಿತ್ರ ಅಂಕಿಯ ಹಿಂದೆ ಒಂದು ಸರಳ ಗಣಿತವಿದೆ. ಅದನ್ನು 12ರಿಂದ ಗುಣಿಸಿದರೆ ಹೆಚ್ಚುಕಡಿಮೆ ನೂರು ಬರುತ್ತದೆ. ವರ್ಷ ದುಡಿದರೆ ಒಂದು ತಿಂಗಳ ಸಂಬಳದಷ್ಟು ಪಿಂಚಣಿ ನಿಧಿಗೆ ಬಿತ್ತು ಎಂದರ್ಥ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ತಿಂಗಳ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷ ಸೇವೆ ಬೇಕು. ಅಷ್ಟು ತುಂಬದೆ ಕೆಲಸ ಬಿಟ್ಟವರ ಮುಂದೆ ಎರಡು ದಾರಿ. ಒಂದು, ಫಾರಂ 10ಸಿ ಹಾಕಿ ಒಂದೇ ಗಂಟಿನಲ್ಲಿ ಹಣ ಪಡೆದು ಸದಸ್ಯತ್ವ ಮುಗಿಸುವುದು. ಇನ್ನೊಂದು, ಅದೇ ಫಾರಂನಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ ಸೇವೆಯನ್ನು ಉಳಿಸಿಕೊಳ್ಳುವುದು. ಸರ್ಟಿಫಿಕೇಟ್ ಎಂದರೆ ಇಷ್ಟೇ: ಎಷ್ಟು ವರ್ಷ ಸೇವೆ, ಬಿಡುವಾಗ ವೇತನ ಎಷ್ಟು, ವೇತನವಿಲ್ಲದ ದಿನಗಳು ಎಷ್ಟು, ಹೆಂಡತಿ ಅಥವಾ ಗಂಡ ಮತ್ತು ಮಕ್ಕಳು ಯಾರು ಎಂದು ಪಿಎಫ್ ಕಚೇರಿ ಬರೆದುಕೊಟ್ಟ ದಾಖಲೆ. ಮುಂದೆ ಬೇರೆ ಕಡೆ ಪಿಎಫ್ ಇರುವ ಕೆಲಸ ಸಿಕ್ಕಾಗ ಅಲ್ಲಿನ ಫಾರಂ 11ರಲ್ಲಿ ಇದರ ನಂಬರು ಬರೆದರೆ ಹಳೆಯ ವರ್ಷಗಳು ಹೊಸ ವರ್ಷಗಳಿಗೆ ಕೂಡಿಕೊಳ್ಳುತ್ತವೆ.

ಒಂದೇ ಗಂಟಿನ ಹಣದ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆಯೆಂದರೆ ಅದು ಬ್ಯಾಂಕಿನಲ್ಲಿಟ್ಟ ದುಡ್ಡಿನ ಹಾಗೆ ಬಡ್ಡಿ ಕೂಡಿಕೊಂಡು ಬೆಳೆದಿರುತ್ತದೆ ಎಂಬುದು. ಹಾಗೇನೂ ಇಲ್ಲ. ಯೋಜನೆಯಲ್ಲಿ ‘ಟೇಬಲ್ ಡಿ’ ಎಂಬ ಪಟ್ಟಿಯಿದೆ. ಒಂದು ವರ್ಷಕ್ಕೆ 1.02, ಐದು ವರ್ಷಕ್ಕೆ 5.02, ಏಳಕ್ಕೆ 7.13, ಒಂಬತ್ತಕ್ಕೆ 9.33. ಕೆಲಸ ಬಿಡುವಾಗಿನ ಪಿಎಫ್ ವೇತನವನ್ನು ಈ ಅಂಕಿಯಿಂದ ಗುಣಿಸುತ್ತಾರೆ, ಬಂದದ್ದನ್ನು ಕೊಡುತ್ತಾರೆ. ವರ್ಷಕ್ಕೊಂದು ತಿಂಗಳ ಸಂಬಳ ಒಳಗೆ ಹೋಗಿತ್ತು. ಒಂಬತ್ತು ವರ್ಷದ ಮೇಲೆ ಒಂಬತ್ತು ಕಾಲು ಚಿಲ್ಲರೆ ಸಂಬಳ ಹೊರಗೆ ಬಂತು. ಸಂಬಳ ಬದಲಾಗದೇ ಇದ್ದವರಿಗೆ ಬಡ್ಡಿ ಎನ್ನುವುದು ನಾಮಕಾವಸ್ತೆ. ಸಂಬಳ ಏರುತ್ತ ಬಂದವರಿಗೆ ಸ್ವಲ್ಪ ಲಾಭ, ಏಕೆಂದರೆ ಕಡಿಮೆ ಸಂಬಳದ ಹಳೆಯ ವರ್ಷಗಳಿಗೂ ಕೊನೆಯ ಸಂಬಳದ ಬೆಲೆಯೇ ಸಿಗುತ್ತದೆ.

2024ರ ಜೂನ್‌ನಲ್ಲಿ ಈ ಪಟ್ಟಿಗೆ ಒಂದು ನ್ಯಾಯವಾದ ತಿದ್ದುಪಡಿ ಆಯಿತು. ಅದಕ್ಕೆ ಮುಂಚೆ ಪೂರ್ಣ ವರ್ಷಗಳಷ್ಟೇ ಲೆಕ್ಕಕ್ಕೆ ಬರುತ್ತಿದ್ದವು, ಆರು ತಿಂಗಳೊಳಗೆ ಬಿಟ್ಟವರಿಗೆ ಏನೂ ಸಿಗುತ್ತಿರಲಿಲ್ಲ. ಈಗ ತಿಂಗಳ ಲೆಕ್ಕ. 15,000 ವೇತನದ ಮೇಲೆ 2 ವರ್ಷ 5 ತಿಂಗಳು ದುಡಿದವರಿಗೆ ಮೊದಲು 29,850 ರೂಪಾಯಿ ಸಿಗುತ್ತಿತ್ತು, ಈಗ 36,000 ಎಂದು ಕಾರ್ಮಿಕ ಸಚಿವಾಲಯವೇ ಉದಾಹರಣೆ ಕೊಟ್ಟಿದೆ. ಆರೇಳು ತಿಂಗಳಿಗೊಮ್ಮೆ ಕಾರ್ಖಾನೆ ಬದಲಿಸುವವರೇ ಹೆಚ್ಚಿರುವ ಗಾರ್ಮೆಂಟ್ಸ್‌ನಂಥ ಕಡೆ ಇದು ಸಣ್ಣ ಬದಲಾವಣೆಯಲ್ಲ.

ಈಗ ಒಂದು ಲೆಕ್ಕ ಮಾಡೋಣ. ಒಂದೇ ಕಾರ್ಖಾನೆಯ ಒಂದೇ ಲೈನಿನಲ್ಲಿ ದುಡಿದ ತಾಯಿ ಮಗಳನ್ನು ಊಹಿಸಿಕೊಳ್ಳಿ. ಗಾರ್ಮೆಂಟ್ಸ್‌ನಲ್ಲಿ ಇದು ಅಪರೂಪದ ಜೋಡಿಯೇನಲ್ಲ. ಇಬ್ಬರೂ ಒಂದೇ ದಿನ ಸೇರಿದರು, ಸರಿಯಾಗಿ ಏಳು ವರ್ಷ ದುಡಿದರು, ಯೂನಿಟ್ ಬೇರೆ ಊರಿಗೆ ಹೋದಾಗ ಒಂದೇ ದಿನ ಬಿಟ್ಟರು. ಬಿಡುವಾಗ ಇಬ್ಬರ ಪಿಎಫ್ ವೇತನ, ಅಂದರೆ ಬೇಸಿಕ್ ಮತ್ತು ಡಿಎ ಸೇರಿ, 12,000. ತಾಯಿಗೆ 52 ವರ್ಷ, ಮಗಳಿಗೆ 30. ಇಬ್ಬರಿಗೂ ಸಿಗುವ ಒಂದೇ ಗಂಟಿನ ಹಣ 12,000ದ 7.13 ಪಟ್ಟು, ಅಂದರೆ 85,560 ರೂಪಾಯಿ. ವಯಸ್ಸಿಗೂ ಈ ಮೊತ್ತಕ್ಕೂ ಸಂಬಂಧವಿಲ್ಲ. ಆದರೆ ತೆಗೆಯಬೇಕೋ ಬೇಡವೋ ಎನ್ನುವುದಕ್ಕೆ ವಯಸ್ಸಿನಷ್ಟು ಸಂಬಂಧ ಬೇರೆ ಯಾವುದಕ್ಕೂ ಇಲ್ಲ.

ಇಬ್ಬರೂ ಬೇರೆ ಕಾರ್ಖಾನೆಗೆ ಸೇರಿ ಇನ್ನು ಮೂರು ವರ್ಷ ದುಡಿದು ನಿಲ್ಲಿಸುತ್ತಾರೆ ಎಂದಿಟ್ಟುಕೊಳ್ಳಿ. ಏಳು ವರ್ಷವನ್ನು ಉಳಿಸಿಕೊಂಡಿದ್ದರೆ ಒಟ್ಟು ಹತ್ತು ತುಂಬಿತು. ಪಿಂಚಣಿಯ ಸೂತ್ರ ಸುಲಭ: ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸರಾಸರಿ 13,000 ಎಂದರೆ, ಹತ್ತರಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಿದಾಗ 1,857 ರೂಪಾಯಿ. 58 ತುಂಬಿದ ಮೇಲೆ ಬದುಕಿರುವವರೆಗೆ ತಿಂಗಳು ತಿಂಗಳು ಇಷ್ಟು. 50 ದಾಟಿದ ಮೇಲೆ ಬೇಗ ಬೇಕೆಂದರೂ ಸಿಗುತ್ತದೆ, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟಕ್ಕೂ ವರ್ಷಕ್ಕೆ ಶೇ 4 ಕಡಿತ.

ಉಳಿಸಿಕೊಳ್ಳದೆ ಎರಡೂ ಸಲ ಹಣ ತೆಗೆದರೆ? ಮೊದಲ ಸಲ 85,560. ಮೂರು ವರ್ಷದ ಮೇಲೆ, ವೇತನ 14,000 ಆಗಿದ್ದರೆ, ಅದರ 2.98 ಪಟ್ಟು, ಅಂದರೆ 41,720. ಈ ಎರಡನ್ನೂ ಮುಟ್ಟದೆ ಶೇ 7ರ ಠೇವಣಿಯಲ್ಲಿಟ್ಟರು ಅನ್ನೋಣ. ತಾಯಿಗೆ 58 ಆಗುವಷ್ಟರಲ್ಲಿ ಅದು ಸುಮಾರು 1 ಲಕ್ಷ 79 ಸಾವಿರ ಆಗುತ್ತದೆ. ಅದರ ಬಡ್ಡಿ ತಿಂಗಳಿಗೆ ಸುಮಾರು 1,047. ಪಿಂಚಣಿಯೋ 1,857. ಅಸಲು ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಒಪ್ಪಿಕೊಂಡರೂ, ತಾಯಿಗೆ ಸರ್ಟಿಫಿಕೇಟೇ ಲಾಭ. ಆಕೆ ತೀರಿಕೊಂಡ ಮೇಲೆ ಗಂಡನಿಗೆ ಪಿಂಚಣಿಯ ಅರ್ಧ ಸಿಗುತ್ತದೆ. ಆ ಅರ್ಧ 1,000ಕ್ಕಿಂತ ಕಡಿಮೆಯಾದರೆ 1,000.

ಮಗಳ ಲೆಕ್ಕ ತಲೆಕೆಳಗು. ಆಕೆಯ 85,560ಕ್ಕೆ ಬೆಳೆಯಲು 28 ವರ್ಷ ಇದೆ, 41,720ಕ್ಕೆ 25 ವರ್ಷ. ಶೇ 7ರಲ್ಲಿ ಎರಡೂ ಸೇರಿ 58ರ ಹೊತ್ತಿಗೆ ಸುಮಾರು 7 ಲಕ್ಷ 95 ಸಾವಿರ. ತಿಂಗಳ ಬಡ್ಡಿ 4,600ರ ಮೇಲೆ. ಅಷ್ಟು ವರ್ಷ ಶೇ 7 ಎಲ್ಲಿ ಸಿಗುತ್ತದೆ ಎಂದು ಕೇಳಬಹುದು, ಕೇಳಲೇಬೇಕು. ಶೇ 5ಕ್ಕೆ ಇಳಿಸಿದರೂ ತಿಂಗಳಿಗೆ 1,986 ಬರುತ್ತದೆ, ಅಸಲೂ ಉಳಿಯುತ್ತದೆ. 1,857 ಅದಕ್ಕಿಂತ ಕೆಳಗೆ. ಮೇಲಾಗಿ ಈ ಪಿಂಚಣಿಗೆ ತುಟ್ಟಿಭತ್ಯೆ ಸೇರುವುದಿಲ್ಲ. 58ರಲ್ಲಿ ಕೊಟ್ಟ ಅಂಕಿಯೇ 78ರಲ್ಲೂ.

‘ಪಿಂಚಣಿ ದುಡ್ಡನ್ನು ಎಂದೂ ತೆಗೆಯಬೇಡಿ’ ಎಂದು ಎಲ್ಲರಿಗೂ ಒಂದೇ ಬುದ್ಧಿವಾದ ಹೇಳುವುದನ್ನು ನಾನು ಇತ್ತೀಚೆಗೆ ಬಿಟ್ಟಿರುವುದು ಈ ಲೆಕ್ಕ ಹಾಕಿದ ಮೇಲೆಯೇ. ಸೇವೆಯ ಪ್ರತಿ ವರ್ಷಕ್ಕೂ ಒಂದು ಬೆಲೆಯಿದೆ. ವೇತನದ ಎಪ್ಪತ್ತನೆಯ ಒಂದು ಭಾಗ, 15,000ದ ಮೇಲೆ ತಿಂಗಳಿಗೆ 214 ರೂಪಾಯಿ. ಅದು ಕೈಗೆ ಬರುವುದು 58ರ ನಂತರ. ಆ ದಿನ ಹತ್ತಿರವಿದ್ದವರಿಗೆ 214 ದೊಡ್ಡದು, ಮೂವತ್ತು ವರ್ಷ ದೂರವಿದ್ದವರಿಗೆ ಸಣ್ಣದು.

ಹಾಗಾದರೆ ಮಗಳು ಕಣ್ಣು ಮುಚ್ಚಿ ತೆಗೆಯಬಹುದೇ? ಅದಕ್ಕೂ ಮುಂಚೆ ಎರಡು ವಿಷಯ ನೋಡಬೇಕು.

ಮೊದಲನೆಯದು ಆ 85,560 ಎಲ್ಲಿಗೆ ಹೋಗುತ್ತದೆ ಎಂಬುದು. ಮೇಲಿನ ಲೆಕ್ಕವೆಲ್ಲ ನಿಂತಿರುವುದು ಹಣವನ್ನು 28 ವರ್ಷ ಮುಟ್ಟುವುದಿಲ್ಲ ಎಂಬ ಊಹೆಯ ಮೇಲೆ. ಬಾಡಿಗೆ ಮನೆಯ ಅಡ್ವಾನ್ಸು, ಮಗುವಿನ ಸ್ಕೂಲ್ ಫೀಸು, ತವರಿನ ಮದುವೆ ಎದುರಿಗಿರುವಾಗ ಆ ಊಹೆ ಎಷ್ಟು ದಿನ ನಿಲ್ಲುತ್ತದೆಂದು ಅವರವರಿಗೇ ಗೊತ್ತು. ಆದರೆ ಒಂದು ಖರ್ಚಿದೆ, ಅದಕ್ಕೆ ಹಾಕಿದರೆ ನಾನು ಬೇಡ ಅನ್ನುವುದಿಲ್ಲ. ಕೈಸಾಲ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 36. ಅಂಥ ಸಾಲವನ್ನು ಹೊತ್ತುಕೊಂಡು ಸರ್ಟಿಫಿಕೇಟನ್ನು ಜೋಪಾನ ಮಾಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿಯ ನೀರು ಕಾದಿಟ್ಟ ಹಾಗೆ.

ಎರಡನೆಯದು ಸಾವು. ಇದನ್ನು ಸೈಬರ್ ಸೆಂಟರಿನಲ್ಲಿ ಯಾರೂ ಎತ್ತುವುದಿಲ್ಲ. ಹಣ ತೆಗೆದ ಕ್ಷಣದಿಂದ ಪಿಂಚಣಿ ನಿಧಿಯ ಜೊತೆಗಿನ ನಂಟು ಕಡಿಯಿತು. ತೆಗೆಯದೆ ಸದಸ್ಯತ್ವ ಉಳಿಸಿಕೊಂಡವರು 58ಕ್ಕೆ ಮುಂಚೆ ತೀರಿಕೊಂಡರೆ, ಹತ್ತು ವರ್ಷ ತುಂಬಿರದಿದ್ದರೂ, ಗಂಡ ಅಥವಾ ಹೆಂಡತಿಗೆ ಕುಟುಂಬ ಪಿಂಚಣಿ, 25 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಮಕ್ಕಳ ಪಿಂಚಣಿ ಸಿಗುತ್ತದೆ. ಸರ್ಟಿಫಿಕೇಟಿನಲ್ಲಿ ಮನೆಯವರ ಹೆಸರು, ಹುಟ್ಟಿದ ದಿನ ಬರೆಸುವುದು ಇದಕ್ಕೇ. 30ರ ಮಗಳಿಗೆ ಸರ್ಟಿಫಿಕೇಟಿನ ನಿಜವಾದ ಬೆಲೆ ಪಿಂಚಣಿಯಲ್ಲಿಲ್ಲ, ಈ ಆಸರೆಯಲ್ಲಿದೆ. ಎರಡು ಸಣ್ಣ ಮಕ್ಕಳಿದ್ದು ಬೇರೆ ವಿಮೆಯೇನೂ ಇಲ್ಲದವಳಿಗೆ ಅದು ಸಣ್ಣದಲ್ಲ. ಒಂಟಿಯಾಗಿದ್ದು, ಇನ್ನು ಪಿಎಫ್ ಇರುವ ಕೆಲಸಕ್ಕೆ ಹೋಗುವುದಿಲ್ಲ, ಊರಲ್ಲಿ ಟೈಲರಿಂಗ್ ಅಂಗಡಿ ಇಡುತ್ತೇನೆ ಎನ್ನುವವಳಿಗೆ ಹೆಚ್ಚೇನೂ ಅಲ್ಲ.

ಆ ಎರಡನೆಯವಳು ಸರ್ಟಿಫಿಕೇಟ್ ಹಿಡಿದು ಕೂತರೆ ಏನಾಗುತ್ತದೆ? ಹತ್ತು ವರ್ಷ ತುಂಬದೆ 58 ಬಂದಾಗ ಆಕೆ ಮತ್ತೆ ಫಾರಂ 10ಸಿ ಹಾಕಿ ಹಣ ಪಡೆಯಬಹುದು. ಎಷ್ಟು? ಏಳು ವರ್ಷದ ಅಂಕಿ, ಬಿಟ್ಟಾಗಿನ 12,000 ವೇತನ, ಅದೇ 85,560. ನಡುವಿನ 28 ವರ್ಷಕ್ಕೆ ಒಂದು ರೂಪಾಯಿ ಬಡ್ಡಿಯಿಲ್ಲ. ‘ಅಲ್ಲೇ ಇರಲಿ ಬಿಡಿ, ಬೆಳೀತಾ ಇರುತ್ತೆ’ ಎನ್ನುವವರು ಪಿಎಫ್ ಖಾತೆಯನ್ನೂ ಪಿಂಚಣಿಯನ್ನೂ ಒಂದೇ ಎಂದುಕೊಂಡಿರುತ್ತಾರೆ. ಪಿಎಫ್‌ಗೆ ಬಡ್ಡಿಯಿದೆ, ಇದಕ್ಕಿಲ್ಲ.

ಒಂಬತ್ತು ವರ್ಷ ದಾಟಿದವರ ಕಥೆಯೇ ಬೇರೆ. ಸೇವೆಯ ಲೆಕ್ಕದಲ್ಲಿ ಆರು ತಿಂಗಳು ಅಥವಾ ಹೆಚ್ಚಿದ್ದರೆ ಪೂರ್ತಿ ವರ್ಷ, ಕಡಿಮೆಯಿದ್ದರೆ ಬಿಟ್ಟಂತೆ. ಹಾಗಾಗಿ ಒಂಬತ್ತೂವರೆ ವರ್ಷವೇ ಹತ್ತು. ಅಲ್ಲಿಗೆ ಪಿಂಚಣಿಯ ಹಕ್ಕು ಹುಟ್ಟುತ್ತದೆ, ಒಂದೇ ಗಂಟಿನ ಹಣದ ಬಾಗಿಲು ಮುಚ್ಚುತ್ತದೆ. ಒಂಬತ್ತು ವರ್ಷ ಮೂರು ತಿಂಗಳಿಗೆ ಬಿಡಲು ಹೊರಟವರು ಇನ್ನು ಮೂರು ತಿಂಗಳು ನಿಲ್ಲಲು ಸಾಧ್ಯವೇ ಎಂದು ಯೋಚಿಸುವುದು ಒಳ್ಳೆಯದು, ವಯಸ್ಸು ಐವತ್ತರ ಆಸುಪಾಸಿದ್ದರಂತೂ ಖಂಡಿತ. ಇನ್ನೊಂದು ಮಾತು, ಕಬ್ಬಿನ ಸೀಮೆಯವರಿಗೆ: ಸಕ್ಕರೆ ಕಾರ್ಖಾನೆಯಂಥ ಹಂಗಾಮಿನ ಕೆಲಸದಲ್ಲಿ ವರ್ಷದಲ್ಲಿ ದುಡಿದದ್ದು ಕೆಲವೇ ತಿಂಗಳಾದರೂ ಅದನ್ನು ಪೂರ್ತಿ ವರ್ಷವೆಂದೇ ಎಣಿಸುತ್ತಾರೆ. ನನ್ನದು ನಾಲ್ಕೈದು ವರ್ಷವಷ್ಟೇ ಎಂದುಕೊಂಡ ಎಷ್ಟೋ ಮಂದಿ ಹತ್ತರ ಹತ್ತಿರವಿರಬಹುದು.

ತೆಗೆಯುವ ಮುಂಚೆ ಸೇವೆ ನಿಜವಾಗಿ ಎಷ್ಟಿದೆ ಎಂದು ನೋಡಿಕೊಳ್ಳಬೇಕು, ಊಹೆ ಸಾಲದು. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ‘View’ ಒತ್ತಿದರೆ ‘Service History’ ಸಿಗುತ್ತದೆ. ದುಡಿದ ಪ್ರತಿ ಕಂಪನಿಗೂ ಸೇರಿದ ದಿನ, ಬಿಟ್ಟ ದಿನ ಅಲ್ಲಿರಬೇಕು. ಹಳೆಯ ಕಂಪನಿಯೊಂದು ಕಾಣದಿದ್ದರೆ ಎರಡು ಯುಎಎನ್ ಆಗಿರುವ ಸಂಭವ ಹೆಚ್ಚು. ಹಳೆಯ ಖಾತೆಯನ್ನು ವರ್ಗಾಯಿಸಿ ಒಂದು ಮಾಡದಿದ್ದರೆ ಆ ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ. ಬಿಟ್ಟ ದಿನದ ಜಾಗ ಖಾಲಿಯಿದ್ದರೆ ಫಾರಂ 10ಸಿ ಮುಂದೆ ಹೋಗುವುದಿಲ್ಲ. ಕಂಪನಿ ತುಂಬದಿದ್ದರೆ ಎರಡು ತಿಂಗಳ ನಂತರ ಸದಸ್ಯರೇ ತುಂಬಬಹುದು.

ಖಾತೆ ವರ್ಗಾಯಿಸಿದ ಮೇಲೆ ಪಾಸ್‌ಬುಕ್ ತೆರೆದವರು ಬೆಚ್ಚಿಬೀಳುವ ಒಂದು ಜಾಗವಿದೆ. ಪಿಎಫ್ ಹಣ ಹೊಸ ಖಾತೆಗೆ ಬಂದಿರುತ್ತದೆ, ಪಿಂಚಣಿಯ ಅಂಕಣದಲ್ಲಿ ಮಾತ್ರ ಸೊನ್ನೆ. ‘ನನ್ನ ಪೆನ್ಷನ್ ದುಡ್ಡು ಎಲ್ಲಿ ಹೋಯ್ತು?’ ಎಂದು ಪಿಎಫ್ ಕಚೇರಿಯ ಕೌಂಟರಿನಲ್ಲಿ ಜಗಳವಾಡುವವರಿಗೆ ಕೊರತೆಯಿಲ್ಲ. ಅದು ಕಳೆದುಹೋಗಿಲ್ಲ. ಪಿಂಚಣಿಯಲ್ಲಿ ವರ್ಗವಾಗುವುದು ಹಣವಲ್ಲ, ಸೇವೆ. ಹಳೆಯ ಸೇವೆಯ ಉದ್ದ, ಬಿಟ್ಟಾಗಿನ ವೇತನ, ವೇತನವಿಲ್ಲದ ದಿನಗಳು ‘ಅನೆಕ್ಷರ್ ಕೆ’ ಎಂಬ ಹಾಳೆಯಲ್ಲಿ ಹೋಗಿರುತ್ತವೆ. ಅದರ ಪ್ರತಿ ಇಳಿಸಿಕೊಂಡು ದಿನಾಂಕ ಸರಿಯಿದೆಯೇ ಎಂದು ನೋಡುವುದು ಸೊನ್ನೆಯನ್ನು ನೋಡಿ ಹೆದರುವುದಕ್ಕಿಂತ ಉಪಯೋಗದ ಕೆಲಸ.

ಹೀಗಾಗಿ ಒಂದು ಕೆಲಸ ಬಿಟ್ಟು ಕೂಡಲೇ ಇನ್ನೊಂದಕ್ಕೆ ಸೇರುವವರಿಗೆ ಸರ್ಟಿಫಿಕೇಟಿನ ಅಗತ್ಯವೇ ಬೀಳುವುದಿಲ್ಲ, ಅದೇ ಯುಎಎನ್‌ಗೆ ಸೇರಿ ಖಾತೆ ವರ್ಗಾಯಿಸಿದರಾಯಿತು. ಸರ್ಟಿಫಿಕೇಟ್ ಬೇಕಾಗುವುದು ವರ್ಷಗಟ್ಟಲೆ ಬಿಡುವು ಬೀಳುವವರಿಗೆ. ಪಿಎಫ್ ಹಣವನ್ನು ಪೂರ್ತಿ ತೆಗೆದುಕೊಂಡು ಪಿಂಚಣಿ ಸೇವೆಯನ್ನು ಮಾತ್ರ ಉಳಿಸಿಕೊಳ್ಳಬಹುದು ಎಂಬುದೂ ಬಹಳ ಜನಕ್ಕೆ ಗೊತ್ತಿಲ್ಲ. ಫಾರಂ 19 ಬೇರೆ, ಫಾರಂ 10ಸಿ ಬೇರೆ. ಸರ್ಟಿಫಿಕೇಟನ್ನು ಉಮಂಗ್ ಆ್ಯಪ್‌ನಲ್ಲೂ ಕೋರಬಹುದು, ಕಚೇರಿಗೆ ಅರ್ಜಿ ಕೊಟ್ಟೂ ಪಡೆಯಬಹುದು.

ಕಾಯುವ ಅವಧಿಯ ವಿಷಯ ಮಾತ್ರ ಬದಲಾಗುತ್ತಿದೆ. ಕೆಲಸವಿಲ್ಲದೆ ಎರಡು ತಿಂಗಳು ಕಳೆದರೆ ಪಿಂಚಣಿ ಹಣ ತೆಗೆಯಬಹುದು ಎಂಬುದು ಬಹುಕಾಲದ ಪದ್ಧತಿ. 2025ರ ಅಕ್ಟೋಬರ್ 13ರಂದು ಭವಿಷ್ಯನಿಧಿಯ ಕೇಂದ್ರ ಟ್ರಸ್ಟಿಗಳ ಮಂಡಳಿ ಇದನ್ನು 36 ತಿಂಗಳಿಗೆ ಏರಿಸುವ ತೀರ್ಮಾನ ತೆಗೆದುಕೊಂಡಿತು. ಅರ್ಜಿ ಹಾಕುವ ದಿನ ಯಾವ ಅವಧಿ ಜಾರಿಯಲ್ಲಿದೆ ಎಂದು ನೋಡಿಕೊಂಡೇ ಹೊರಡಬೇಕು. ಜನ ಅವಸರದಲ್ಲಿ ಸೇವೆ ಕಳೆದುಕೊಳ್ಳಬಾರದು ಎಂಬ ಉದ್ದೇಶ ಅರ್ಥವಾಗುತ್ತದೆ. ಆದರೆ ಕೈಸಾಲದ ಬಡ್ಡಿ 36 ತಿಂಗಳು ಕಾಯುವುದಿಲ್ಲ ಎಂಬುದೂ ಅಷ್ಟೇ ನಿಜ. 2016ರಲ್ಲಿ ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58ರವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ ತುಂಬಿ ನಿಂತರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ‘ನಮ್ಮ ದುಡ್ಡು ನಮಗೆ ಬೇಕಾದಾಗ’ ಎಂಬ ಅವರ ಮಾತಿನ ಹಿಂದೆ ಅಜ್ಞಾನವಿರಲಿಲ್ಲ, ಮನೆಯ ಲೆಕ್ಕವಿತ್ತು.

ನಮ್ಮ ತಾಯಿ ಮಗಳಿಗೆ ಮರಳಿದರೆ, ತಾಯಿ 10ಸಿಯಲ್ಲಿ ಸರ್ಟಿಫಿಕೇಟ್ ಕೇಳಬೇಕು, ಹೊಸ ಕಾರ್ಖಾನೆ ಸೇರುವ ದಿನ ಫಾರಂ 11ರಲ್ಲಿ ಅದರ ನಂಬರು ಬರೆಸಬೇಕು. ಆಕೆಗೆ ಬೇಕಾಗಿರುವುದು ಇನ್ನು ಎರಡೂವರೆ ವರ್ಷ, 58ಕ್ಕೆ ಉಳಿದಿರುವುದು ಆರು. 58 ತುಂಬಿದ ಮೇಲೆ ಕೆಲಸದಲ್ಲಿ ಮುಂದುವರಿದರೂ ಪಿಂಚಣಿ ನಿಧಿಗೆ ಏನೂ ಸೇರುವುದಿಲ್ಲ, ಹಾಗಾಗಿ ತಡಮಾಡುವಂತಿಲ್ಲ. ಮಗಳು ಮೊದಲು ಸಾಲದ ಚೀಟಿ ತೆಗೆದು ನೋಡಲಿ, ಆಮೇಲೆ ಮಕ್ಕಳ ವಯಸ್ಸು. ಸೈಬರ್ ಸೆಂಟರಿನ ಹುಡುಗ ಕೇಳಿದಾಗ ಇಬ್ಬರೂ ಪಕ್ಕಪಕ್ಕದಲ್ಲೇ ಕೂತಿದ್ದರೂ, ಒಬ್ಬರು ಹೂಂ ಅಂದು ಇನ್ನೊಬ್ಬರು ಊಹೂಂ ಅಂದರೆ ಅವನು ಗಾಬರಿಯಾಗಬೇಕಿಲ್ಲ.